ಟಿಕೆಟ್‌ಗೆ ಮುಂಚೆ ಪಾಸ್‌ಪೋರ್ಟ್ ತೆರೆದು ನೋಡಿದೆ

ಡಿಸೆಂಬರ್ 20ಕ್ಕೆ ಸಿಂಗಾಪುರಕ್ಕೆ ಹೋಗೋಣ ಅಂತ ಸೆಪ್ಟೆಂಬರ್‌ನಲ್ಲಿ ಟಿಕೆಟ್ ಹುಡುಕುತ್ತಿದ್ದೆ. ಪಾಸ್‌ಪೋರ್ಟ್ ಅವಧಿ ಏಪ್ರಿಲ್ 30ರವರೆಗೆ ಇತ್ತು. ಸಾಕಲ್ವಾ ಅಂದುಕೊಂಡೆ. ಆದರೆ ಅಲ್ಲಿಗೆ ಕಾಲಿಡುವ ದಿನದಿಂದ ಕನಿಷ್ಠ 6 ತಿಂಗಳು ಅವಧಿ ಉಳಿದಿರಬೇಕು. ಬೆರಳಲ್ಲಿ ಎಣಿಸಿದರೆ ನನಗೆ ಉಳಿಯುತ್ತಿದ್ದದ್ದು ನಾಲ್ಕು ತಿಂಗಳು ಚಿಲ್ಲರೆ. ಚೆಕ್-ಇನ್ ಕೌಂಟರ್‌ನಲ್ಲೇ ತಡೆಯುತ್ತಿದ್ದರು!

ಟಿಕೆಟ್ ಬಿಟ್ಟು ಮೊದಲು ರೀ-ಇಶ್ಯೂಗೆ ಅರ್ಜಿ ಹಾಕಿದೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಹಾಕಬಹುದು, ಸುಮ್ನೆ ಕಾಯಬೇಡಿ. ಹಳೆಯದರಲ್ಲಿ ವೀಸಾ ಪುಟ ಒಂದೇ ಖಾಲಿ ಇತ್ತು. ಹಾಗಾಗಿ 36 ಪುಟದ ಬದಲು 60 ಪುಟದ್ದು ಕೇಳಿದೆ, 500 ರೂಪಾಯಿ ಜಾಸ್ತಿ ಅಷ್ಟೇ. ಹೊಸದರಲ್ಲಿ ನಂಬರೂ ಬದಲಾಗುತ್ತದೆ. ಅದು ಕೈಗೆ ಬಂದ ಮೇಲೆಯೇ ಟಿಕೆಟ್ ಮಾಡಿಸಿದೆ.