ಪಡುವಣ ಗೋಡೆಯ ಬುಡ

ಕುಷ್ಟಗಿ ತಾಲೂಕಿನ ನಮ್ಮೂರ ಮನೆ ಅಜ್ಜನ ಕಾಲದ ಮಾಳಿಗೆ ಮನೆ. ಹಸಿ ಇಟ್ಟಂಗಿಯ ಗೋಡೆ, ಒಂದೂವರೆ ಅಡಿ ದಪ್ಪ, ಒಂಬತ್ತು ಅಡಿ ಎತ್ತರ. 2009ರ ಸೆಪ್ಟೆಂಬರ್ ಕೊನೆಯ ಆ ಮಳೆಗೆ ನಮ್ಮ ಓಣಿಯಲ್ಲೇ ಎಷ್ಟೋ ಮಣ್ಣಿನ ಮನೆ ಬಿದ್ದವು. ನಮ್ಮದು ಉಳಿಯಿತು. ಹೆದರಿದ ಅಪ್ಪ ಮರುವರ್ಷವೇ ಮಳೆ ಹೊಡೆಯುವ ಪಡುವಣ ಗೋಡೆಗೆ ಜಾಳಿಗೆ ಬಡಿಸಿ ಸಿಮೆಂಟ್ ಗಿಲಾಯಿ ಮಾಡಿಸಿದರು.

ಹತ್ತು ವರ್ಷದ ಮೇಲೆ ಅದೇ ಗೋಡೆಯನ್ನು ಬೆರಳಿಂದ ತಟ್ಟಿದರೆ ಡಬ್ ಡಬ್ ಎನ್ನುತ್ತಿತ್ತು. ಗೌಂಡಿ ಒಂದು ಕಡೆ ಗಿಲಾಯಿ ಒಡೆದು ಒಳಗೆ ಕೈ ಹಾಕಿದ. ಹಿಡಿ ಹಿಡಿ ಹಸಿ ಮಣ್ಣು ಬಂತು. "ಗ್ವಾಡಿ ಬುಡಾನ ನೀರು ತಿಂದೈತ್ರೀ ಅಣ್ಣಾರ" ಅಂದ. ಬಿರುಕಿನಿಂದ ಇಳಿದ ಮಳೆನೀರಿಗೂ ನೆಲದಿಂದ ಏರಿದ ತೇವಕ್ಕೂ ಹೊರಗೆ ಆರಲು ದಾರಿ ಇರಲಿಲ್ಲ. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕಿತ್ತು. ಮೇಲೆ ಗೋಡೆ ಗಟ್ಟಿಯಾಗಿಯೇ ಇತ್ತು. ಕೆಟ್ಟಿದ್ದು ನೆಲದಿಂದ ಎರಡಡಿ ಮಾತ್ರ.

ಹಾಗಾಗಿ ಗೋಡೆ ಕೆಡವದೆ ಆ ಎರಡಡಿಯನ್ನಷ್ಟೇ ಕಲ್ಲಾಗಿ ಬದಲಿಸಿದೆವು. ಜನವರಿಯಲ್ಲಿ, ಸಿಮೆಂಟ್ ಗಿಲಾಯಿ ಕಿತ್ತು ಗೋಡೆ ಪೂರ್ತಿ ಆರಿದ ಮೇಲೆ, ಒಳಗಿನಿಂದ ತೊಲೆಗಳಿಗೆ ಕಟ್ಟಿಗೆಯ ಆಸರೆ ಕೊಟ್ಟೆವು. ಆಮೇಲೆ ಮೂರಡಿ ಅಗಲದ ಒಂದು ತುಂಡು ಬಿಚ್ಚಿ, ಮುಂದಿನ ತುಂಡು ಹಾಗೇ ಬಿಟ್ಟು, ಅದರಾಚೆಯದನ್ನು ಬಿಚ್ಚಿದೆವು. ಬಿಚ್ಚಿದಲ್ಲಿ ಸೈಜುಗಲ್ಲು ಕಟ್ಟಿ, ಅದರ ತಲೆಗೆ ಒಂದಿಂಚು ಸಿಮೆಂಟ್ ಕಾಂಕ್ರೀಟು ಹಾಸಿ, ಮೇಲಿನ ಸಂದಿಗೆ ಚಪ್ಪಟೆ ಕಲ್ಲುಚೂರು ಬಿಗಿಯಾಗಿ ಬಡಿದೆವು. ಒಂದು ವಾರ ಬಿಟ್ಟು ನಡುವಿನ ತುಂಡುಗಳಿಗೆ ಕೈ ಹಚ್ಚಿದೆವು. ಅವಸರ ಮಾಡಿ ಪಕ್ಕಪಕ್ಕದ ತುಂಡುಗಳನ್ನು ಒಟ್ಟಿಗೆ ಬಿಚ್ಚಿದರೆ ಮೇಲಿನ ಭಾರಕ್ಕೆ ಗೋಡೆ ಕೂತುಬಿಡುತ್ತದೆ. ಹದಿನೆಂಟು ಅಡಿ ಗೋಡೆಗೆ ಮೂರು ವಾರ ಹಿಡಿಯಿತು.

ಒಂದು ತಪ್ಪು ಆಯಿತು. ಕಲ್ಲು ಗೋಡೆಗಿಂತ ಎರಡಿಂಚು ಹೊರಗೆ ಚಾಚಿತ್ತು. ನೋಡಲು ಚೆಂದವೇ, ಆದರೆ ಗೋಡೆಯಿಂದ ಇಳಿದ ನೀರು ಆ ಮೆಟ್ಟಿಲ ಮೇಲೆ ನಿಂತು ಮಣ್ಣಿನ ಮೊದಲ ವರಸೆಗೇ ಹೋಗುತ್ತದೆ. ಕೊಡದಿಂದ ನೀರು ಸುರಿದು ನೋಡಿದಾಗ ತಿಳಿಯಿತು. ಸುಣ್ಣದ ಗಾರೆಯಲ್ಲಿ ಹೊರಕ್ಕೆ ಇಳಿಜಾರು ಮಾಡಿ ಸರಿಪಡಿಸಿದೆವು. ಕಲ್ಲನ್ನು ಗೋಡೆಯ ಮೈಗೆ ಸಮನಾಗಿ, ಇಲ್ಲವೇ ಅರ್ಧ ಇಂಚು ಒಳಗೆ ಕಟ್ಟುವುದೇ ಸರಿ.

ಮಾಳಿಗೆಗೆ ಚಾಚು ಇರುವುದಿಲ್ಲ, ತೊಲೆಗಳು ಗೋಡೆಯ ಮೇಲೇ ಮುಗಿಯುತ್ತವೆ. ಏಳಡಿಯ ಜಾಲಿ ಕಟ್ಟಿಗೆಗಳನ್ನು ನಾಲ್ಕೂವರೆ ಅಡಿ ಮಾಳಿಗೆ ಮಣ್ಣಿನ ಭಾರದಡಿ ಹೂತು, ಎರಡೂವರೆ ಅಡಿ ಹೊರಗೆ ಬಿಟ್ಟು ತಗಡು ಹೊದಿಸಿದೆ. ಏಪ್ರಿಲ್‌ನ ಬಿರುಗಾಳಿಗೆ ಏಳದಂತೆ, ಗೋಡೆಯಲ್ಲಿ ಮೂರಡಿ ಕೆಳಗೆ ಅಡ್ಡ ಹೂತ ಕಟ್ಟಿಗೆಗೆ ತಂತಿ ಬಿಗಿದೆ. ಮಾಳಿಗೆಯ ನೀರಿನ ಕೊಳವೆಯನ್ನೂ ತಗಡಿನ ಅಂಚು ದಾಟುವಷ್ಟು ಉದ್ದ ಮಾಡಿಸಿದೆ. ತಗಡಿನ ನೀರು ಬೀಳುವಲ್ಲಿ ಮೊದಲು ಬಂಡೆ ಹಾಸಿದ್ದೆ. ಬಂಡೆಗೆ ಬಡಿದ ಹನಿ ಇನ್ನೂ ಎತ್ತರಕ್ಕೆ ಸಿಡಿಯಿತು. ಕೆಸರ ಗುರುತು ಕಲ್ಲು ದಾಟಿ ಗೋಡೆಗೇ ಬಂದಿತ್ತು. ಬಂಡೆ ಕಿತ್ತು, ಹೊರಕ್ಕೆ ಇಳಿಜಾರು ಕೊಟ್ಟು, ಒಂದೂವರೆ ಇಂಚಿನ ಜಲ್ಲಿ ಹರವಿದ ಮೇಲೆ ಸಿಡಿತ ಕಲ್ಲಿನ ಮಟ್ಟದಲ್ಲೇ ನಿಂತಿತು.

ಗಾಳಿಯೊಡನೆ ಓರೆಯಾಗಿ ಬರುವ ಮಳೆಗೆ ಈ ಚಾಚು ಸಾಲದು, ಗೋಡೆಯ ಕೆಳಭಾಗ ನೆನೆದೇ ನೆನೆಯುತ್ತದೆ. ಅದಕ್ಕೆ ಗಿಲಾಯಿ ಬೇಕೇ ಬೇಕು. ಯಾವುದು ಎಂದು ತಿಳಿಯಲು ಹಿತ್ತಲ ಮೋಟುಗೋಡೆಗೆ ಒಂದೊಂದು ಚದರಡಿಯ ಮೂರು ತೇಪೆ ಹಚ್ಚಿದೆ. ಮೂರಕ್ಕೂ ಒಂದು ಪುಟ್ಟಿ ಮಸಾರಿ ಮಣ್ಣಿಗೆ ಎರಡು ಪುಟ್ಟಿ ಉಸುಕು, ಹತ್ತು ದಿನ ಕೊಳೆಸಿದ ಭತ್ತದ ಹುಲ್ಲಿನ ಚೂರು. ಮೊದಲನೆಯದು ಬರೀ ಅದೇ. ಎರಡನೆಯದಕ್ಕೆ ಹತ್ತು ಪಾಲಿಗೆ ಒಂದು ಪಾಲು ಸಿಮೆಂಟು. ಮೂರನೆಯದಕ್ಕೆ ಅಷ್ಟೇ ಪಾಲು ಅರಳಿಸಿದ ಸುಣ್ಣ. ಎರಿ ಮಣ್ಣನ್ನು ಹತ್ತಿರವೂ ತರಲಿಲ್ಲ. ನೆನೆದರೆ ಉಬ್ಬಿ, ಒಣಗಿದರೆ ಸೀಳುವ ಮಣ್ಣದು. ತಿಂಗಳ ಮೇಲೆ ತೂತಿನ ಡಬ್ಬಿಯಿಂದ ಒಂದೊಂದಕ್ಕೂ ಒಂದು ತಾಸು ನೀರು ಬಿಟ್ಟೆ. ಬರೀ ಮಣ್ಣಿನದಕ್ಕೆ ಬೆರಳಗಲದ ಕಾಲುವೆ ಬಿತ್ತು. ಸಿಮೆಂಟಿನದು ಕರಗಲಿಲ್ಲ, ಆದರೆ ಅಂಚು ಗೋಡೆಯನ್ನು ಬಿಟ್ಟು ಎದ್ದಿತ್ತು. ಸುಣ್ಣದ್ದು ಅಂಟಿಕೊಂಡೇ ಇತ್ತು, ಉಜ್ಜಿದರೆ ಕೈಗೆ ಬಣ್ಣವಷ್ಟೇ ಹತ್ತಿತು.

ಫೆಬ್ರವರಿಯಲ್ಲಿ ಗೋಡೆಗೆ ಸುಣ್ಣದ್ದನ್ನೇ ಹಚ್ಚಿದೆವು, ಬಿಸಿಲು ಇಳಿದ ಮೇಲೆ. ಬೇಗ ಒಣಗಿದರೆ ಸುಣ್ಣ ಗಟ್ಟಿಯಾಗುವುದಿಲ್ಲ. ಅವ್ವ ಮೂರು ವಾರ ಹಸಿ ಗೋಣಿಚೀಲ ಇಳಿಬಿಟ್ಟು ಕಾದಳು. ಕೊನೆಗೆ ತೆಳು ಸುಣ್ಣ ಬಳಿದೆವು, ಅದನ್ನು ಪ್ರತಿ ಮೇ ತಿಂಗಳಲ್ಲೂ ಮತ್ತೆ ಬಳಿಯುತ್ತೇವೆ.

ನಾಲ್ಕು ಮಳೆಗಾಲ ಕಳೆದಿವೆ. ಬಚ್ಚಲ ಮೂಲೆಯಲ್ಲಿ ಮಾತ್ರ ಕಲ್ಲಿನ ಮೇಲೆ ಬಿಳಿ ಉಪ್ಪು ಏಳುತ್ತಿದೆ, ಅಲ್ಲಿ ಗಿಲಾಯಿ ಹಿಟ್ಟುಹಿಟ್ಟಾಗಿದೆ. ಅದು ಮಳೆಯದಲ್ಲ, ನಮ್ಮ ಬೋರಿನ ಸವುಳು ನೀರಿನದು. ಈ ಬೇಸಿಗೆಗೆ ಬಚ್ಚಲ ನೀರನ್ನು ಪೈಪಿನಲ್ಲಿ ದೂರ ಸಾಗಿಸಿ, ಆ ಮೂಲೆಯ ಗಿಲಾಯಿ ಕೆತ್ತಿ ಮತ್ತೆ ಹಚ್ಚಬೇಕು.