ಫೋಟೋದಲ್ಲಿ ಸುಕ್ಕು ಓದುವುದನ್ನು ನಾನು ಕಲಿತದ್ದು

ನಾನು ಹೊಸ ಕೋಟು ಹೊಲಿಯುವುದಕ್ಕಿಂತ ಹೊಲಿದದ್ದನ್ನು ಸರಿಮಾಡುವುದೇ ಜಾಸ್ತಿ. ಈಗೀಗ ಬಟ್ಟೆಗಿಂತ ಮೊದಲು ಅದರ ಫೋಟೋ ಬರುತ್ತದೆ. "ಎಲ್ಲೋ ಸರಿ ಕೂತಿಲ್ಲ, ನೋಡಿ ಹೇಳಿ" ಅನ್ನುತ್ತಾರೆ. ಶುರುವಿನಲ್ಲಿ ಫೋಟೋ ನೋಡಿದ ಕೂಡಲೇ ತೀರ್ಪು ಕೊಟ್ಟುಬಿಡುತ್ತಿದ್ದೆ. ಆ ಧೈರ್ಯ ಒಂದೇ ಬ್ಲೇಜರ್‌ನಲ್ಲಿ ಇಳಿದುಹೋಯಿತು.

ಒಬ್ಬರು ಕನ್ನಡಿ ಮುಂದೆ ನಿಂತು ತೆಗೆದ ಫೋಟೋ ಕಳಿಸಿದ್ದರು. ಒಂದು ಕಡೆ ಕತ್ತಿನ ಬುಡದಿಂದ ಕಂಕುಳಿನತ್ತ ಓರೆಯಾಗಿ ಸುಕ್ಕು ಬಿದ್ದಿತ್ತು. ಒಂದು ಭುಜ ಇನ್ನೊಂದಕ್ಕಿಂತ ತಗ್ಗಿದ್ದರೆ ಬಟ್ಟೆ ಹಾಗೆ ಕುಸಿಯುತ್ತದೆ. ತಗ್ಗಿರುವ ಕಡೆ ಪ್ಯಾಡ್ ಒಳಗೆ ಇನ್ನೊಂದು ಪದರ ಸೇರಿಸಿದರೆ ಸುಕ್ಕು ಹೋಗುತ್ತದೆ. ಹಾಗೇ ಮಾಡಿದೆ. ಅವರು ಹಾಕಿಕೊಂಡು ನೋಡಿದರೆ ಸುಕ್ಕು ಮೊದಲಿಗಿಂತ ಎದ್ದು ಕಾಣುತ್ತಿತ್ತು. ನಾನು ಪ್ಯಾಡ್ ಏರಿಸಿದ್ದು ಸರಿಯಿದ್ದ ಭುಜಕ್ಕೆ!

ಕನ್ನಡಿ ಎಡಬಲ ತಿರುಗಿಸುತ್ತದೆ ಅನ್ನುವುದು ಗೊತ್ತಿಲ್ಲದ ವಿಷಯವಲ್ಲ. ಆದರೆ ಕೆಲಸದ ಮಧ್ಯೆ ಹೊಳೆಯಲಿಲ್ಲ. ಈಗ ಮೊದಲು ಎದೆಯ ಜೇಬು ಹುಡುಕುತ್ತೇನೆ. ಗಂಡಸರ ಬ್ಲೇಜರ್‌ನಲ್ಲಿ ಅದು ಹಾಕಿಕೊಂಡವರ ಎಡಕ್ಕಿರುತ್ತದೆ. ಅಂದರೆ ಎದುರಿನಿಂದ ತೆಗೆದ ಫೋಟೋದಲ್ಲಿ ನಮ್ಮ ಬಲಕ್ಕೆ ಕಾಣಬೇಕು. ನಮ್ಮ ಎಡಕ್ಕೆ ಕಂಡರೆ ಫೋಟೋ ತಿರುಗಿದೆ ಅಂತಲೇ ಅರ್ಥ. ಇನ್ನೊಂದು ತೊಂದರೆ, ಫೋನ್ ಹಿಡಿದ ಕೈ ಮೇಲೆದ್ದಿರುತ್ತದೆ, ಅದರ ಜೊತೆ ಭುಜವೂ ಏರುತ್ತದೆ. ಹಾಗಾಗಿ ಕನ್ನಡಿ ಫೋಟೋ ನೋಡಿ ಭುಜದ ಬಗ್ಗೆ ಮಾತಾಡುವುದನ್ನೇ ಬಿಟ್ಟಿದ್ದೇನೆ.

ಈಗ ಬೇರೆಯವರ ಕೈಯಲ್ಲಿ ತೆಗೆಸಿ ಅಂತ ಕೇಳುತ್ತೇನೆ. ಮುಂದೆ, ಪಕ್ಕ, ಹಿಂದೆ, ಮೂರು ಫೋಟೋ. ಕೈಗಳು ಸುಮ್ನೆ ಕೆಳಗೆ ಇಳಿಬಿಟ್ಟಿರಬೇಕು, ಜೇಬು ಖಾಲಿ ಇರಬೇಕು, ಆ ಪ್ಯಾಂಟಿಗೆ ಹಾಕುವ ಶೂಗಳನ್ನೇ ಹಾಕಿರಬೇಕು. ತೆಗೆಯುವವರು ಹತ್ತು ಅಡಿ ದೂರ ನಿಂತು, ಫೋನನ್ನು ಹೊಟ್ಟೆಯ ಎತ್ತರದಲ್ಲಿ ನೆಟ್ಟಗೆ ಹಿಡಿಯಬೇಕು. ಹತ್ತಿರದಿಂದ, ಮುಖದ ಎತ್ತರದಿಂದ ಕೆಳಗೆ ಬಾಗಿಸಿ ತೆಗೆದರೆ ಕಾಲು ಗಿಡ್ಡವಾಗಿ ಕಾಣುತ್ತದೆ. ಸರಿಯಾದ ಪ್ಯಾಂಟೂ ಉದ್ದವಾಗಿ ಶೂ ಮೇಲೆ ರಾಶಿ ಬಿದ್ದಂತೆ ತೋರುತ್ತದೆ.

ಇಷ್ಟಾದ ಮೇಲೆ ಸುಕ್ಕಿನ ವಿಷಯ. ನಾನು ಮೊದಲು ನೋಡುವುದು ಅದು ಎಳೆತದ ಸುಕ್ಕೋ, ಹೆಚ್ಚಿದ ಬಟ್ಟೆಯ ಮಡಿಕೆಯೋ ಅಂತ. ಎಳೆತದ ಸುಕ್ಕು ತೆಳ್ಳಗೆ, ದಾರ ಬಿಗಿದ ಹಾಗೆ ನೇರವಾಗಿರುತ್ತದೆ. ಅದರ ತುದಿ ಹಿಡಿದುಕೊಂಡು ಹೋದರೆ ಬಿಗಿಯಾದ ಜಾಗ ಸಿಗುತ್ತದೆ. ಹೆಚ್ಚಿದ ಬಟ್ಟೆ ದುಂಡಗೆ, ಮೆತ್ತಗೆ ಮಡಿಯುತ್ತದೆ. ಕೆಳಗೆ ದಪ್ಪ ನೆರಳಿರುತ್ತದೆ. ಕಾಲರ್ ಕೆಳಗೇ ಬೆನ್ನಿಗೆ ಅಡ್ಡವಾಗಿ ಬೀಳುವ ದಪ್ಪ ಮಡಿಕೆ ಈ ಎರಡನೇ ಜಾತಿಯದು. ಅದನ್ನು ನೋಡಿ ಟೈಟ್ ಅಂದುಕೊಂಡು ಬಿಚ್ಚಿದರೆ ಕೆಲಸ ಕೆಟ್ಟಿತು. ಕಪ್ಪು ಬಟ್ಟೆಯಲ್ಲಿ ಎರಡೂ ಕಾಣುವುದಿಲ್ಲ, ಆಗ ಫೋಟೋದ ಬೆಳಕು ಏರಿಸಿ, ಬಣ್ಣ ತೆಗೆದು ನೋಡುತ್ತೇನೆ.

ಹೀಗೆ ನೋಡಿದ್ದರಿಂದ ಉಳಿದುಕೊಂಡ ಒಂದು ಸೂಟಿನ ಕಥೆ ಹೇಳುತ್ತೇನೆ. "ಶೋಲ್ಡರ್ ಟೈಟ್ ಇದೆ. ಪ್ಯಾಂಟ್ ಒಂದು ಇಂಚು ಉದ್ದ ಇದೆ, ಕತ್ತರಿಸಿಬಿಡಿ ಸಾರ್" ಅಂತ ಬರೆದಿದ್ದರು. ಹಿಂದಿನ ಫೋಟೋದಲ್ಲಿ ಎರಡು ಹೆಗಲ ಮೂಳೆಗಳ ನಡುವೆ, ಒಂದು ತೋಳಿನ ಹೊಲಿಗೆಯಿಂದ ಇನ್ನೊಂದರವರೆಗೆ ಮೂರು ತೆಳು ಗೆರೆಗಳಿದ್ದವು. ಸೊಂಟದ ಹತ್ತಿರವೂ ಗೆರೆಗಳಿದ್ದವು. ಆದರೆ ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವ ಕಡೆಗೇ ಮುಗಿದಿತ್ತು. ತೋಳು ಅಲ್ಲಿಂದ ಉಬ್ಬಿಲ್ಲದೆ, ತಗ್ಗಿಲ್ಲದೆ ನೇರ ಇಳಿದಿತ್ತು. ಅಂದರೆ ಭುಜದ ಅಳತೆ ತಪ್ಪಿರಲಿಲ್ಲ. ಇದು ನನಗೆ ಸಮಾಧಾನದ ವಿಷಯ. ಸಿದ್ಧ ಬ್ಲೇಜರ್‌ನ ಭುಜ ಅಗಲ ಮಾಡಲು ಒಳಗೆ ಬಟ್ಟೆಯೇ ಇರುವುದಿಲ್ಲ. ಅಲ್ಲಿ ತಪ್ಪಿದ್ದರೆ ವಾಪಸ್ ಕೊಡಿ ಅಂತಲೇ ಹೇಳುತ್ತೇನೆ.

ಗುಂಡಿ ಬಿಚ್ಚಿ ಇನ್ನೊಂದು ಫೋಟೋ ಕಳಿಸಿ ಅಂದೆ. ಸೊಂಟದ ಗೆರೆಗಳು ಮಾಯವಾದವು. ಮೇಲಿನವು ಸ್ವಲ್ಪ ಸಡಿಲವಾದರೂ ಉಳಿದವು. ಗುಂಡಿ ಬಿಚ್ಚಿದರೂ ಹೋಗದ ಸುಕ್ಕಿಗೆ ಕಾರಣ ಬೆನ್ನಿನಲ್ಲೇ ಇರುತ್ತದೆ. ಅವರ ಬೆನ್ನು ಬ್ಲೇಜರ್‌ಗಿಂತ ಅಗಲ, ಅಷ್ಟೇ. ಬಟ್ಟೆ ಕೈಗೆ ಬಂದಾಗ ಬೆನ್ನ ನಡುವಿನ ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಅಂತ ಅಸ್ತರಿನ ಮೇಲಿಂದ ಬೆರಳಾಡಿಸಿ ನೋಡಿದೆ. ಇದನ್ನು ಯಾವ ಫೋಟೋನೂ ಹೇಳುವುದಿಲ್ಲ. ಎರಡೂ ಬದಿ ಮುಕ್ಕಾಲು ಇಂಚಿನಷ್ಟಿತ್ತು. ಹೆಗಲ ಮೂಳೆಯ ಮಟ್ಟದಲ್ಲಿ ಎರಡೂ ಕಡೆ ಅದರಲ್ಲಿ ಕಾಲು ಕಾಲು ಇಂಚು ಹೊರಕ್ಕೆ ಬಿಟ್ಟೆ. ಕಾಲರ್ ಹತ್ತಿರ ಬರುವಾಗ ಹಳೆ ಹೊಲಿಗೆಗೇ ಸೇರಿಸಿದೆ. ಸೊಂಟದಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಬಿಟ್ಟೆ. ಒಟ್ಟು ಅರ್ಧ ಇಂಚು ಕೇಳಿದರೆ ಏನೂ ಅಲ್ಲ ಅನಿಸುತ್ತದೆ, ಆದರೆ ಕೈ ಇಳಿಬಿಟ್ಟು ನಿಂತಾಗ ಬೆನ್ನು ಸಪಾಟಾಯಿತು. ಕೈ ಮುಂದೆ ಚಾಚಿದರೆ ಗೆರೆ ಈಗಲೂ ಬರುತ್ತದೆ. ಅದು ಎಂಥ ಒಳ್ಳೆ ಬ್ಲೇಜರ್‌ನಲ್ಲೂ ಬರುತ್ತದೆ.

ಪ್ಯಾಂಟಿನದು ಇನ್ನೂ ಸ್ವಾರಸ್ಯ. ಪ್ಯಾಂಟಿನ ತುದಿ ಶೂಗೆ ತಾಗಿ ಮುಂದೆ ಬೀಳುವ ಮಡಿಕೆಗೆ ನಾವು ಬ್ರೇಕ್ ಅನ್ನುತ್ತೇವೆ. ಅದು ಶೂಗೆ ಸ್ವಲ್ಪ ಮೇಲೆ, ಒಂದೇ ಒಂದು ತೆಳು ಮಡಿಕೆಯಾಗಿ ಇದ್ದರೆ ಚೆನ್ನ. ಮಡಿಕೆಯೇ ಬೇಡ ಅನ್ನುವವರೂ ಇದ್ದಾರೆ, ಅದು ಅವರವರ ಇಷ್ಟ. ಇವರ ಫೋಟೋದಲ್ಲಿ ಇಸ್ತ್ರಿ ಗೆರೆ ಮೊಣಕಾಲಿಗೂ ಪಾದಕ್ಕೂ ನಡುವೆಯೇ ಮುರಿದಿತ್ತು. ಕೆಳಗೆ ಶೂ ಹತ್ತಿರ ಬಟ್ಟೆ ಬಹುತೇಕ ನೇರವಾಗಿತ್ತು. ಉದ್ದ ಜಾಸ್ತಿಯಾಗಿದ್ದರೆ ಬಟ್ಟೆ ಶೂ ಮೇಲೆ ರಾಶಿ ಬೀಳಬೇಕು, ಅಲ್ವಾ? ಅಷ್ಟು ಮೇಲೆ ಯಾಕೆ ಮುರಿಯಿತು?

ಉತ್ತರ ಪಕ್ಕದ ಫೋಟೋದಲ್ಲಿತ್ತು. ಹಿಂದೆ ಮೀನಖಂಡಕ್ಕೆ ಬಟ್ಟೆ ಅಂಟಿಕೊಂಡಿತ್ತು, ಅಲ್ಲಿಂದ ಮುಂದಕ್ಕೆ ಓರೆ ಗೆರೆಗಳು ಹೊರಟಿದ್ದವು. ಮೀನಖಂಡ ಬಟ್ಟೆಯನ್ನು ಹಿಡಿದುಕೊಂಡಿತ್ತು. ಕೆಳಗೆ ಜಾರಬೇಕಾದ ಬಟ್ಟೆ ಅಲ್ಲೇ ನಿಂತು ಮುಂದೆ ಮಡಿಯುತ್ತಿತ್ತು. ಕಾಲು ಒಮ್ಮೆ ಝಾಡಿಸಿ, ತಕ್ಷಣ ಫೋಟೋ ತೆಗೆಸಿ ಅಂದೆ. ಝಾಡಿಸಿದ ಮೇಲೆ ಮಡಿಕೆ ಬಿಚ್ಚಿಕೊಂಡು, ತುದಿ ಶೂ ಮೇಲೆ ಸರಿಯಾಗಿ ಬಂದು ಕೂತಿತ್ತು. ನಾಲ್ಕು ಹೆಜ್ಜೆ ನಡೆದ ಮೇಲೆ ತೆಗೆದದ್ದರಲ್ಲಿ ಮಡಿಕೆ ಮತ್ತೆ ಹಾಜರ್.

ಅವರು ಹೇಳಿದ ಹಾಗೆ ಒಂದು ಇಂಚು ಕತ್ತರಿಸಿದ್ದರೆ ನಡುವಿನ ಮಡಿಕೆ ಹಾಗೇ ಇರುತ್ತಿತ್ತು, ಕೂತಾಗ ಕಾಲುಚೀಲದ ಮೇಲೆ ಚರ್ಮವೂ ಕಾಣುತ್ತಿತ್ತು. ನಾನು ಉದ್ದ ಮುಟ್ಟಲಿಲ್ಲ. ಒಳ ಹೊಲಿಗೆ, ಹೊರ ಹೊಲಿಗೆ ಎರಡನ್ನೂ ಮೊಣಕಾಲಿನಿಂದ ಕೆಳಗೆ ಬಿಚ್ಚಿದೆ. ಎರಡೂ ಕಡೆ ಸಮನಾಗಿ ಬಿಡದಿದ್ದರೆ ಇಸ್ತ್ರಿ ಗೆರೆ ಪಕ್ಕಕ್ಕೆ ತಿರುಗುತ್ತದೆ. ಒಳಗೆ ಇದ್ದದ್ದೇ ಕಡಿಮೆ, ಮೀನಖಂಡದ ಹತ್ತಿರ ಒಟ್ಟು ಮುಕ್ಕಾಲು ಇಂಚು ಸುತ್ತಳತೆ ಸಿಕ್ಕಿತು. ಬಲಗಾಲು ಪೂರ್ತಿ ಸರಿಹೋಯಿತು. ಎಡಗಾಲಿನಲ್ಲಿ ನಡೆದ ಮೇಲೆ ಇನ್ನೂ ಒಂದು ಸಣ್ಣ ಮಡಿಕೆ ನಿಲ್ಲುತ್ತದೆ. ಅವರ ಎಡ ಮೀನಖಂಡ ದಪ್ಪವಂತೆ. ಅದನ್ನು ನಾನು ಅಳೆದೇ ಇರಲಿಲ್ಲ.