ಒತ್ತಾಯ ಮಾಡದೆ ಒಪ್ಪಿಸುವ ಕೊಟೇಶನ್ ಇಮೇಲ್ ಬರೆಯುವುದು ಹೇಗೆ?

‘ದರ ತಿಳಿಸಿ’ ಎಂದು ಹೊಸ ಗ್ರಾಹಕರೊಬ್ಬರು ಬರೆದಾಗ ಸಣ್ಣ ಉದ್ಯಮದವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಉತ್ತರಿಸುತ್ತಾರೆ. ಕೆಲವರು ಒಂದು ಮೊತ್ತವನ್ನಷ್ಟೇ ಬರೆದು ಕಳುಹಿಸುತ್ತಾರೆ. ಇನ್ನು ಕೆಲವರು ತಮ್ಮ ಅನುಭವ ಮತ್ತು ಗುಣಮಟ್ಟದ ಬಗ್ಗೆ ಪುಟಗಟ್ಟಲೆ ಹೇಳಿ, ಬೆಲೆಯನ್ನು ಕೊನೆಯಲ್ಲಿ ಅಡಗಿಸುತ್ತಾರೆ. ಬರೀ ಮೊತ್ತ ಸಿಕ್ಕಿದ ಗ್ರಾಹಕರಿಗೆ ಹೋಲಿಸಲು ಬೇರೇನೂ ಇರುವುದಿಲ್ಲವಾದ್ದರಿಂದ ಅವರು ಕಡಿಮೆ ಮೊತ್ತ ಹೇಳಿದವರ ಕಡೆಗೆ ವಾಲುತ್ತಾರೆ. ಹೊಗಳಿಕೆ ಓದಿದವರಿಗಾದರೋ ತಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಅನ್ನಿಸುವುದೇ ಇಲ್ಲ. ಗ್ರಾಹಕರ ಅಗತ್ಯ ಯಾವುದು, ಈ ಬೆಲೆಯಲ್ಲಿ ಏನೇನು ಸಿಗುತ್ತದೆ, ಬೆಲೆ ಏಕೆ ಇಷ್ಟಾಯಿತು ಎಂಬ ಮೂರನ್ನೂ ಸ್ಪಷ್ಟವಾಗಿ ಹೇಳಿದ ಇಮೇಲ್‌ಗೆ ಬೇರೆ ಒತ್ತಾಯ ಬೇಕಾಗುವುದಿಲ್ಲ.

ಒಂದು ಉದಾಹರಣೆಯನ್ನು ಹಿಡಿದೇ ಮುಂದೆ ಹೋಗೋಣ. ಮರಗೆಲಸದ ಸಣ್ಣ ಘಟಕವೊಂದಕ್ಕೆ ಶಾಲೆಯ ಗ್ರಂಥಾಲಯದ ಮೇಲ್ವಿಚಾರಕರು ಹೀಗೆ ಬರೆದಿದ್ದಾರೆಂದು ಇಟ್ಟುಕೊಳ್ಳಿ: ‘ನಮಗೆ 6 ಅಡಿ ಎತ್ತರದ 12 ಪುಸ್ತಕದ ಕಪಾಟುಗಳು ಬೇಕು. ದರ ತಿಳಿಸಿ.’

ಹಂತ 1: ಬೆಲೆ ಕಟ್ಟುವ ಮುನ್ನ ಕೇಳಬೇಕಾದದ್ದನ್ನು ಕೇಳಿ

ಈ ಎರಡು ಸಾಲುಗಳಿಂದ ಸರಿಯಾದ ಬೆಲೆ ಕಟ್ಟಲು ಸಾಧ್ಯವಿಲ್ಲ. ಕಪಾಟಿನ ಅಗಲ ಎಷ್ಟು, ಕೊಠಡಿ ಯಾವ ಮಹಡಿಯಲ್ಲಿದೆ, ಯಾವ ದಿನಾಂಕದೊಳಗೆ ಬೇಕು ಎಂಬ ಮೂರು ಪ್ರಶ್ನೆಗಳನ್ನು ಅದೇ ದಿನ ಕೇಳಿಬಿಡಿ. ಮೂರಕ್ಕಿಂತ ಹೆಚ್ಚು ಕೇಳಿದರೆ ಗ್ರಾಹಕರು ಉತ್ತರಿಸುವುದನ್ನು ಮುಂದೂಡುತ್ತಾರೆ. ಬೆಲೆಯನ್ನು ಬದಲಿಸದ ಬಣ್ಣದಂಥ ವಿವರಗಳು ಆರ್ಡರ್ ಆದ ಮೇಲೆ ತೀರ್ಮಾನವಾದರೂ ಸಾಕು. ಮೇಲ್ವಿಚಾರಕರು ‘4 ಅಡಿ ಅಗಲ, ಎರಡನೆಯ ಮಹಡಿ, ಲಿಫ್ಟ್ ಇಲ್ಲ, ಹೊಸ ಶಾಲಾವರ್ಷ ಆರಂಭವಾಗುವ ಮೊದಲು ಬೇಕು’ ಎಂದು ಉತ್ತರಿಸಿದರೆಂದು ಭಾವಿಸೋಣ. ಮೆಟ್ಟಿಲೇರಿಸುವ ಕೂಲಿಯನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಆಗಲೇ ತಿಳಿಯುತ್ತದೆ. ಇದನ್ನು ಕೇಳದೆ ದರ ಕೊಟ್ಟು ಕೊನೆಗೆ ಹೆಚ್ಚುವರಿ ಹಣ ಕೇಳುವುದರಿಂದಲೇ ಎಷ್ಟೋ ವ್ಯವಹಾರಗಳು ಕೆಡುತ್ತವೆ.

ಹಂತ 2: ವಿಷಯದ ಸಾಲು ಮತ್ತು ಮೊದಲ ವಾಕ್ಯ

ವಿಷಯದ ಸಾಲಿನಲ್ಲಿ ವಸ್ತು, ಪ್ರಮಾಣ ಮತ್ತು ಕೊಟೇಶನ್ ಸಂಖ್ಯೆ ಇದ್ದರೆ ಸಾಕು: ‘ಗ್ರಂಥಾಲಯದ 12 ಕಪಾಟುಗಳು – ಕೊಟೇಶನ್ ಸಂಖ್ಯೆ 47’. ಕೆಲವು ವಾರಗಳ ಬಳಿಕ ಆಡಳಿತ ಮಂಡಳಿಯ ಸಭೆಯಲ್ಲಿ ಇದನ್ನು ಹುಡುಕುವವರಿಗೆ ‘ವಿಶೇಷ ಕೊಡುಗೆ’ ಎಂಬ ಸಾಲಿನಿಂದ ಏನೂ ಸಿಗುವುದಿಲ್ಲ. ಮೊದಲ ವಾಕ್ಯದಲ್ಲಿ ನಿಮ್ಮ ಪರಿಚಯ ಬೇಡ. ಗ್ರಾಹಕರು ಹೇಳಿದ್ದನ್ನೇ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ನೀವು ತಪ್ಪಾಗಿ ಗ್ರಹಿಸಿದ್ದರೆ ಕೆಲಸ ಆರಂಭವಾಗುವ ಮೊದಲೇ ಅವರು ತಿದ್ದಲು ಇದರಿಂದ ಅವಕಾಶವಾಗುತ್ತದೆ.

ಹಂತ 3: ಬೆಲೆಯ ಜೊತೆಗೇ ಕಾರಣವನ್ನೂ ಇಡಿ

ಇಮೇಲ್‌ನ ತೂಕವೆಲ್ಲ ಇರುವುದು ಇಲ್ಲಿ. ತೆರಿಗೆ ಸೇರಿದ ಒಟ್ಟು ಮೊತ್ತವನ್ನು ಇಮೇಲ್‌ನಲ್ಲಿಯೇ ಬರೆಯಬೇಕು. ಲಗತ್ತಿಸಿದ ಪಿಡಿಎಫ್‌ನಲ್ಲಿ ಬಿಡಿ ದರ, ಪ್ರಮಾಣ, ತೆರಿಗೆ ಮತ್ತು ಸಾಗಣೆಯ ವಿವರವಿರಲಿ. ಎರಡೂ ಕಡೆಯ ಮೊತ್ತ ಒಂದೇ ಆಗಿದೆಯೇ ಎಂದು ಕಳುಹಿಸುವ ಮುನ್ನ ಇನ್ನೊಮ್ಮೆ ನೋಡಿಕೊಳ್ಳಿ. ಬೆಲೆಯಲ್ಲಿ ಸೇರಿರುವುದನ್ನು ಹೇಳಿದಷ್ಟೇ ಸ್ಪಷ್ಟವಾಗಿ ಸೇರದಿರುವುದನ್ನೂ ಹೇಳಬೇಕು. ಅದನ್ನು ಮುಂಚೆಯೇ ಓದಿದವರಿಗೆ ಉಳಿದ ಮೊತ್ತದ ಮೇಲೆ ನಂಬಿಕೆ ಬರುತ್ತದೆ.

ಅಗ್ಗದ ದರದೊಡನೆ ಹೋಲಿಕೆ ಬಂದೇ ಬರುವುದರಿಂದ ಆ ಹೋಲಿಕೆಗೆ ಬೇಕಾದ ಮಾಹಿತಿಯನ್ನು ನೀವೇ ಒದಗಿಸುವುದು ಒಳ್ಳೆಯದು. ಪುಸ್ತಕಗಳು ಭಾರವಾದವು. 4 ಅಡಿ ಉದ್ದದ ಹಲಗೆಗೆ ಎರಡು ತುದಿಗಳಲ್ಲಿ ಮಾತ್ರ ಆಧಾರ ಕೊಟ್ಟರೆ, 18 ಮಿಲಿಮೀಟರ್ ದಪ್ಪವಿದ್ದರೂ ಅದು ಕ್ರಮೇಣ ನಡುವೆ ಬಾಗುತ್ತದೆ. ಪಾರ್ಟಿಕಲ್ ಬೋರ್ಡ್ ಆದರೆ ಪ್ಲೈವುಡ್‌ಗಿಂತ ಹೆಚ್ಚು ಬಾಗುತ್ತದೆ. ಆದ್ದರಿಂದ ಎರಡು ಆಯ್ಕೆಗಳನ್ನು ಕೊಡಬಹುದು. ನಡುವೆ ಲಂಬ ಆಧಾರವಿರುವ ಪ್ಲೈವುಡ್ ಕಪಾಟಿನ ಬೆಲೆಯನ್ನು 100 ಎಂದು ಹಿಡಿದರೆ, ಅದೇ ವಿನ್ಯಾಸದ ಪಾರ್ಟಿಕಲ್ ಬೋರ್ಡ್ ಕಪಾಟು ನಿಮ್ಮ ಲೆಕ್ಕದಲ್ಲಿ 75 ಆಗಬಹುದು. ಅಗ್ಗದ್ದನ್ನು ಹೀಗಳೆಯದೆ, ಹಗುರವಾದ ಕಡತಗಳಿಗೆ ಅದು ಸಾಕಾಗುತ್ತದೆಂದು ನಿಜವನ್ನೇ ಬರೆಯಿರಿ. ಅನಂತರ ನಿಮ್ಮ ಸಲಹೆಯನ್ನು ಒಂದೇ ವಾಕ್ಯದಲ್ಲಿ ಹೇಳಿ. ಮೂರನೆಯ, ನಾಲ್ಕನೆಯ ಆಯ್ಕೆ ಬಂದರೆ ತೀರ್ಮಾನವೇ ತಡವಾಗುತ್ತದೆ.

ಹಂತ 4: ಅವಧಿ ಮತ್ತು ಪಾವತಿ

ಗ್ರಾಹಕರು ಒಪ್ಪಿಗೆ ಕೊಟ್ಟ ಕೊಟೇಶನ್ ಸಾಮಾನ್ಯವಾಗಿ ವ್ಯವಹಾರದ ಒಪ್ಪಂದವೇ ಆಗಿಬಿಡುವುದರಿಂದ ದರ ಯಾವ ದಿನಾಂಕದವರೆಗೆ ಅನ್ವಯಿಸುತ್ತದೆಂದು ಬರೆಯದೆ ಬಿಡಬಾರದು. ‘ಇಂದೇ ಆರ್ಡರ್ ಮಾಡಿದರೆ ಮಾತ್ರ’ ಎಂಬ ಮಾತು ಒತ್ತಡವಾಗುತ್ತದೆ. ‘ಪ್ಲೈವುಡ್ ಮಾರಾಟಗಾರರು ನಮಗೆ 30 ದಿನಗಳವರೆಗೆ ಈ ದರ ಕೊಟ್ಟಿದ್ದಾರೆ, ಆದ್ದರಿಂದ ನಮ್ಮ ದರವೂ ಅಲ್ಲಿಯವರೆಗೆ’ ಎಂಬುದು ಮಾಹಿತಿಯಾಗುತ್ತದೆ. ಆ ಕಾರಣ ನಿಜವಾಗಿಯೂ ಇರಬೇಕು. ಮುಂಗಡ ಮತ್ತು ಬಾಕಿಯ ಪ್ರಮಾಣವನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿ.

ಹಂತ 5: ಇಮೇಲ್ ಬರೆಯುವುದು

ಇಷ್ಟನ್ನೂ ಸೇರಿಸಿದರೆ ಪತ್ರ ಹೀಗಾಗುತ್ತದೆ:

‘ಮಾನ್ಯರೇ,

ನಿಮ್ಮ ಗ್ರಂಥಾಲಯಕ್ಕೆ 6 ಅಡಿ ಎತ್ತರ, 4 ಅಡಿ ಅಗಲದ 12 ಕಪಾಟುಗಳು ಶಾಲೆ ಆರಂಭವಾಗುವ ಮೊದಲು ಎರಡನೆಯ ಮಹಡಿಯಲ್ಲಿ ಜೋಡಣೆಯಾಗಿರಬೇಕು ಎಂದು ತಿಳಿಸಿದ್ದೀರಿ. ಇದಕ್ಕೆ ಎರಡು ಆಯ್ಕೆಗಳ ದರಪಟ್ಟಿಯನ್ನು ಲಗತ್ತಿಸಿದ್ದೇನೆ. ತೆರಿಗೆ ಸೇರಿದ ಒಟ್ಟು ಮೊತ್ತಗಳು ಈ ಕೆಳಗಿವೆ.

ಆಯ್ಕೆ 1: ನಡುವೆ ಆಧಾರವಿರುವ ಪ್ಲೈವುಡ್ ಕಪಾಟುಗಳು – ರೂ. ______
ಆಯ್ಕೆ 2: ಅದೇ ವಿನ್ಯಾಸದ ಪಾರ್ಟಿಕಲ್ ಬೋರ್ಡ್ ಕಪಾಟುಗಳು – ರೂ. ______

ಪೂರ್ತಿ ಪುಸ್ತಕ ತುಂಬುವ ಕಪಾಟುಗಳಿಗೆ ನಡುವೆ ಆಧಾರವಿರುವ ಪ್ಲೈವುಡ್ ಸೂಕ್ತವೆಂಬುದು ನನ್ನ ಸಲಹೆ. ಹಗುರವಾದ ಕಡತಗಳನ್ನಷ್ಟೇ ಇಡುವುದಾದರೆ ಎರಡನೆಯ ಆಯ್ಕೆ ಸಾಕಾಗುತ್ತದೆ. ಸಾಗಣೆ, ಮೆಟ್ಟಿಲೇರಿಸುವ ಕೂಲಿ ಮತ್ತು ಜೋಡಣೆ ಈ ದರದಲ್ಲಿ ಸೇರಿವೆ. ಹಳೆಯ ಕಪಾಟುಗಳನ್ನು ತೆರವು ಮಾಡುವ ಕೆಲಸ ಸೇರಿಲ್ಲ.

ಆರ್ಡರ್ ಜೊತೆಗೆ ಶೇ 40 ಮುಂಗಡ, ಜೋಡಣೆ ಮುಗಿದ ಮೇಲೆ ಬಾಕಿ. ಮುಂಗಡ ಬಂದ ದಿನದಿಂದ 25 ಕೆಲಸದ ದಿನಗಳಲ್ಲಿ ಮುಗಿಸಿಕೊಡುತ್ತೇವೆ. ಮರದ ದರ ನಮಗೆ 30 ದಿನಗಳವರೆಗೆ ನಿಗದಿಯಾಗಿರುವುದರಿಂದ ಈ ಕೊಟೇಶನ್ ಕೂಡ ಇಂದಿನಿಂದ 30 ದಿನ ಅನ್ವಯಿಸುತ್ತದೆ.

ಯಾವ ಆಯ್ಕೆ ಎಂದು ತಿಳಿಸಿದರೆ ಅಳತೆ ತೆಗೆದುಕೊಳ್ಳಲು ನಿಮಗೆ ಅನುಕೂಲವಾದ ದಿನ ಬರುತ್ತೇನೆ. ಬದಲಾವಣೆ ಬೇಕಿದ್ದರೆ ಇದೇ ಇಮೇಲ್‌ಗೆ ಉತ್ತರಿಸಿ.’

ಕೊನೆಯ ಪ್ಯಾರಾದಲ್ಲಿ ಗ್ರಾಹಕರು ಮುಂದೆ ಮಾಡಬೇಕಾದ ಕೆಲಸ ಒಂದೇ ಇರುವುದನ್ನು ಗಮನಿಸಿ. ಕರೆ ಮಾಡಿ, ಬಂದು ಭೇಟಿಯಾಗಿ, ಅರ್ಜಿ ತುಂಬಿ ಎಂದೆಲ್ಲ ಸೇರಿಸಿದರೆ ಒಪ್ಪಲು ಸಿದ್ಧರಿದ್ದವರೂ ನಾಳೆ ನೋಡೋಣ ಎನ್ನುತ್ತಾರೆ.

ಹಂತ 6: ಉತ್ತರ ಬಾರದಿದ್ದಾಗ, ಚೌಕಾಸಿ ಬಂದಾಗ

ಒಂದು ವಾರ ಕಾದು, ಅದೇ ಇಮೇಲ್ ಸರಣಿಯಲ್ಲಿ ಒಂದು ಜ್ಞಾಪನೆ ಕಳುಹಿಸಿ. ‘ನೋಡಿದಿರಾ?’ ಎಂದಷ್ಟೇ ಕೇಳುವ ಬದಲು, ಶಾಲೆ ಆರಂಭವಾಗುವ ಮೊದಲು ಮುಗಿಯಬೇಕಾದರೆ ಕೆಲಸ ಯಾವ ದಿನಾಂಕಕ್ಕೆ ಶುರುವಾಗಬೇಕೆಂದು ತಿಳಿಸಿದರೆ ಆ ಜ್ಞಾಪನೆ ಅವರಿಗೂ ಉಪಯೋಗಕ್ಕೆ ಬರುತ್ತದೆ. ಅವಧಿ ಮುಗಿಯುವ ಮುನ್ನ ಇನ್ನೊಂದು ಸಾಕು, ಅನಂತರ ನಿಲ್ಲಿಸಬೇಕು.

ದರ ಇಳಿಸಿ ಎಂದು ಕೇಳಿದರೆ ಕೂಡಲೇ ಶೇ 10 ಇಳಿಸಬೇಡಿ. ಮೊದಲ ದರವೇ ಉಬ್ಬಿಸಿದ್ದೆಂಬ ಅನುಮಾನ ಅಲ್ಲಿಂದಲೇ ಹುಟ್ಟುತ್ತದೆ. ಬದಲಿಗೆ ಕೆಲಸದಲ್ಲಿ ಏನನ್ನು ಕಡಿಮೆ ಮಾಡಬಹುದೆಂದು ಹೇಳಿ: 12ರ ಬದಲು ಈಗ 8 ಕಪಾಟು ಮಾಡಿಸಬಹುದು, ಅಥವಾ ಕಡತಗಳ ಸಾಲಿಗೆ ಮಾತ್ರ ಎರಡನೆಯ ಆಯ್ಕೆಯನ್ನು ಇಟ್ಟುಕೊಳ್ಳಬಹುದು. ಹೀಗೆ ಬದಲಾದ ದರವನ್ನು ಹಳೆಯ ಪಿಡಿಎಫ್‌ನಲ್ಲೇ ತಿದ್ದದೆ, ಹೊಸ ಸಂಖ್ಯೆ ಮತ್ತು ದಿನಾಂಕದೊಡನೆ ಕಳುಹಿಸಿ, ಹಿಂದಿನ ಕೊಟೇಶನ್ ರದ್ದಾಗಿದೆ ಎಂದು ಇಮೇಲ್‌ನಲ್ಲಿ ಬರೆಯಿರಿ. ಇಲ್ಲದಿದ್ದರೆ ಲೆಕ್ಕಪತ್ರ ನೋಡುವವರ ಕೈಯಲ್ಲಿ ಒಂದೇ ಸಂಖ್ಯೆಯ ಎರಡು ದರಗಳು ಉಳಿದು, ಬಾಕಿ ಪಾವತಿಯ ಹೊತ್ತಿಗೆ ಗೊಂದಲವಾಗುತ್ತದೆ.